ಹಾಡಿನಿಂದ ಕಂಠ ತೆಗೆದ ಮೇಲೆ

ಹೋದ ಮಳೆಗಾಲದಲ್ಲಿ ಒಂದು ಹಾಡು ಮಾಡಿದ್ದೆ. ಧಾರವಾಡದ ಕವಿಮಿತ್ರರೊಬ್ಬರ ಸಾಲುಗಳು, ನನ್ನ ರಾಗ. ಹಾಡಿದವರು ಹೈಸ್ಕೂಲಿನಲ್ಲಿ ಪಾಠ ಹೇಳುವ ಟೀಚರು. ತಂಬೂರಿ, ಗಿಟಾರು, ಹಾರ್ಮೋನಿಯಂ, ಕೊಳಲು, ತಬಲಾ, ಕೆಳಗೊಂದು ಬೇಸ್, ಕೊನೆಯಲ್ಲಿ ಇಬ್ಬರು ಮಕ್ಕಳ ಕೋರಸ್. ಒಟ್ಟು ನಾಲ್ಕು ನಿಮಿಷ ಹದಿನಾರು ಸೆಕೆಂಡು. ಮಿಕ್ಸ್ ಮುಗಿಸಿ, ಮಾಸ್ಟರ್ ಮಾಡಿ, ಎಲ್ಲ ಕಡೆ ಹಾಕಿ, ಆ ಫೋಲ್ಡರನ್ನು ಮರೆತೇಬಿಟ್ಟಿದ್ದೆ.

ಇತ್ತೀಚೆಗೆ ಹುಬ್ಬಳ್ಳಿಯಿಂದ ಒಂದು ಫೋನ್ ಬಂತು. ಇಳಕಲ್ ಸೀರೆ ನೇಯುವವರ ಬಗ್ಗೆ ಸಣ್ಣ ಚಿತ್ರ ಮಾಡುತ್ತಿರುವ ಎಡಿಟರ್. "ನಿಮ್ ಹಾಡು ಭಾಳ ಛಲೋ ಅದರೀ. ಆದ್ರ ನಮಗ ಹಾಡಿನ ಮಾತು ಬ್ಯಾಡ, ಬರೇ ಬಾರ್ಸೂದು ಬೇಕು. ಪೂರಾ ಒಂದು, ಮತ್ತ ಮೂವತ್ತು ಸೆಕೆಂಡಿಂದೊಂದು. ಒಂದ್ ತಾಸಿನ ಕೆಲಸ ಅಲ್ಲೇನ್ರೀ?"

ನಾನೂ ಹಾಗೇ ಅಂದುಕೊಂಡೆ. ಹಾಡಿದವರ ಟ್ರ್ಯಾಕ್ ಮುಚ್ಚುವುದು, ರೆಂಡರ್ ಒತ್ತುವುದು, ಚಹಾ ಕುಡಿಯುವುದು. ಕೊನೆಗೆ ನಾಲ್ಕು ಸಂಜೆ ಹಿಡಿಯಿತು.

ಎಡಿಟರು ಫೋನ್ ಮಾಡುವ ಮೊದಲು ತಾವೇ ಒಂದು ಪ್ರಯತ್ನ ಮಾಡಿದ್ದರು. ಹಾಡಿನ ಸ್ಟೀರಿಯೊ ಫೈಲ್ ತೆಗೆದುಕೊಂಡು, ಒಂದು ಬದಿಯ ಚಾನೆಲ್ಲನ್ನು ತಲೆಕೆಳಗು ಮಾಡಿ ಇನ್ನೊಂದಕ್ಕೆ ಕೂಡಿಸಿದ್ದರು. ಎರಡೂ ಕಡೆ ಒಂದೇ ಸಮನಾಗಿ ಇರುವುದೆಲ್ಲ ಹೀಗೆ ಮಾಡಿದಾಗ ಪರಸ್ಪರ ಕಳೆದುಹೋಗುತ್ತದೆ. ಹಾಡುಗಾರರ ದನಿ ಸಾಮಾನ್ಯವಾಗಿ ನಟ್ಟನಡುವೆ ಇರುವುದರಿಂದ ಅದೂ ಹೋಗುತ್ತದೆ. ಹಳೆಯ ಕರೋಕೆ ಉಪಾಯ ಇದು. ಆದರೆ ನಡುವೆ ಇರುವುದು ದನಿ ಒಂದೇ ಅಲ್ಲ. ಬೇಸ್ ಅಲ್ಲೇ ಇತ್ತು, ತಬಲಾದ ಡಗ್ಗಾ ಅಲ್ಲೇ ಇತ್ತು, ಎರಡೂ ಹೋದವು. ದನಿಗೆ ಗುಂಗು ಕೊಡುವ ರಿವರ್ಬ್ ಮಾತ್ರ ಎಡಬಲಕ್ಕೆ ಬೇರೆ ಬೇರೆಯಾಗಿ ಹರಡಿಕೊಂಡಿರುತ್ತದೆ, ಅದು ಹಾಗೇ ಉಳಿಯಿತು. ಕೇಳಿದರೆ ಬಾವಿಯಲ್ಲಿ ಬಿದ್ದವರು ಹಾಡುತ್ತಿದ್ದಾರೆ, ದಂಡೆಯ ಮೇಲೆ ಕೊಳಲು ನುಡಿಯುತ್ತಿದೆ ಎನ್ನುವ ಹಾಗಿತ್ತು. ಅದಕ್ಕೇ ನನ್ನ ನೆನಪಾಗಿದ್ದು.

ಮೊದಲ ಸಂಜೆ ರೀಪರ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ಹಳೆಯ ಪ್ರಾಜೆಕ್ಟ್ ತೆರೆದೆ. ಮುಖ್ಯ ದನಿ, ಅದರ ಡಬಲ್, ಕೋರಸ್ ಎಲ್ಲವೂ `VOX` ಎಂಬ ಫೋಲ್ಡರಿನೊಳಗಿದ್ದವು. ಅವುಗಳ ಫೇಡರುಗಳನ್ನು ಒಂದೊಂದಾಗಿ ತಳಕ್ಕೆ ಎಳೆದೆ. ಪ್ಲೇ ಒತ್ತಿದರೆ ಟೀಚರು ಇನ್ನೂ ಅಲ್ಲೇ ಇದ್ದಾರೆ, ದೂರದಲ್ಲಿ. ಮತ್ತೆ ಅದೇ ಬಾವಿ.

ತಪ್ಪು ನನ್ನದೇ. ರಿವರ್ಬಿಗೆ ದನಿ ಕಳಿಸುವ ಸೆಂಡನ್ನು ಆಗ ಪ್ರೀ-ಫೇಡರ್ ಇಟ್ಟಿದ್ದೆ. ಪಲ್ಲವಿ ಮುಗಿಯುವ ಕಡೆ ದನಿಯನ್ನು ತಗ್ಗಿಸಿದರೂ ಅದರ ಗುಂಗು ಹಾಗೇ ನಿಲ್ಲಲಿ ಎಂಬ ಆಸೆಗೆ ಮಾಡಿದ್ದು. ಪ್ರೀ-ಫೇಡರ್ ಎಂದರೆ ಫೇಡರಿಗೆ ಮೊದಲೇ ಕವಲೊಡೆದ ಕಾಲುವೆ. ಮುಂದಿನ ತೂಬು ಮುಚ್ಚಿದರೆ ಅದಕ್ಕೇನು? ಅದರ ಪಾಡಿಗೆ ಅದು ಹರಿಯುತ್ತಲೇ ಇರುತ್ತದೆ. ದನಿಗೆಂದೇ ಇದ್ದ ರಿವರ್ಬ್ ಟ್ರ್ಯಾಕನ್ನೂ ಮುಚ್ಚಿದೆ, ಬಾವಿ ಬತ್ತಿತು.

ಆದರೂ ಎರಡನೇ ಚರಣದ ಕೊನೆಯಲ್ಲಿ ಒಂದೇ ಒಂದು ಪದದ ಪ್ರತಿಧ್ವನಿ ಮೂರು ಸಲ ಕೇಳಿ ಮಾಯವಾಗುತ್ತಿತ್ತು. ಹುಡುಕಿದರೆ, `FX 3` ಎಂಬ ಹೆಸರಿನ ಟ್ರ್ಯಾಕಿನಲ್ಲಿ ಕೂತಿದೆ. ಆ ಒಂದು ಪದಕ್ಕೆ ಮಾತ್ರ ಡಿಲೇ ಹಾಕಿ, ಕಂಪ್ಯೂಟರಿಗೆ ಭಾರವಾಗಬಾರದೆಂದು ಅದನ್ನು ಆಡಿಯೊ ಮಾಡಿ ಬೇರೆ ಕಡೆ ಇಟ್ಟಿದ್ದೆ. ಟ್ರ್ಯಾಕಿಗೆ ಸರಿಯಾದ ಹೆಸರಿಡದವನಿಗೆ ಸಿಗಬೇಕಾದ್ದೇ ಸಿಕ್ಕಿತು.

ಮೂರನೆಯದು ಕೊಳಲಿನೊಳಗೆ ಇತ್ತು. ಕೊಳಲಿನವರು ನುಡಿಸುವಾಗ ಹೆಡ್‌ಫೋನಿನಲ್ಲಿ ಟೀಚರ ದನಿ ಕೇಳಿಸಿಕೊಳ್ಳುತ್ತಿದ್ದರು. ಅವರಿಗೆ ಸ್ವಲ್ಪ ಜೋರಾಗಿಯೇ ಬೇಕು, ಅದೂ ಒಂದು ಕಿವಿಯ ಮೇಲಿನಿಂದ ಹೆಡ್‌ಫೋನ್ ಸರಿಸಿಕೊಂಡೇ ನುಡಿಸುವವರು. ಹೊರಗೆ ಸೋರಿದ ದನಿಯನ್ನೆಲ್ಲ ಕೊಳಲಿನ ಮೈಕು ಹಿಡಿದುಕೊಂಡಿತ್ತು. ಹಾಡಿನಲ್ಲಿ ನಿಜವಾದ ದನಿಯ ಅಡಿಯಲ್ಲಿ ಅದು ಮುಚ್ಚಿಹೋಗಿತ್ತು, ಈಗ ಸೊಳ್ಳೆಯ ಹಾಗೆ ಕೇಳುತ್ತಿದೆ. ಕೊಳಲು ಸುಮ್ಮನಿರುವ ಜಾಗಗಳಲ್ಲೆಲ್ಲ ಆ ಟ್ರ್ಯಾಕನ್ನು ಕತ್ತರಿಸಿ ತೆಗೆದೆ. ಕೊಳಲು ನುಡಿಯುವ ಕಡೆ ಅದರ ದನಿಯೇ ಸೋರಿಕೆಯನ್ನು ಮುಚ್ಚುತ್ತದೆ, ಮುಟ್ಟುವ ಅಗತ್ಯವಿಲ್ಲ. ಆದರೆ ಕತ್ತರಿಸುವಾಗ ಕೊಳಲಿನವರು ಉಸಿರು ಎಳೆದುಕೊಳ್ಳುವ ಸದ್ದನ್ನು ಬಿಟ್ಟು ಕತ್ತರಿಸಬೇಕು. ಒಂದೆರಡು ಕಡೆ ಉಸಿರೂ ಸೇರಿ ಹೋಗಿತ್ತು. ಅಲ್ಲಿ ಕೊಳಲು ಮನುಷ್ಯ ಊದಿದಂತಿರಲಿಲ್ಲ, ಗುಂಡಿ ಒತ್ತಿದ ಹಾಗೆ ಧುತ್ತೆಂದು ಬರುತ್ತಿತ್ತು. ವಾಪಸ್ ಎಳೆದು ಉಸಿರು ಸೇರಿಸಿದೆ.

ಎಲ್ಲ ಹೋಯಿತು ಅನಿಸಿದ ಮೇಲೂ ನನಗೆ ಕಿವಿಯ ಮೇಲೆ ನಂಬಿಕೆ ಇರಲಿಲ್ಲ. ಹಾಡನ್ನು ನೂರಾರು ಸಲ ಕೇಳಿದವನಿಗೆ ಇಲ್ಲದ ದನಿಯೂ ಕೇಳುತ್ತದೆ, ಇರುವ ದನಿಯೂ ಕೇಳುವುದಿಲ್ಲ. ಅದಕ್ಕೊಂದು ಪರೀಕ್ಷೆ ಇದೆ. ಮಾಸ್ಟರ್ ಚಾನೆಲ್ಲಿನ ಕಂಪ್ರೆಸರ್, ಲಿಮಿಟರ್ ಎರಡನ್ನೂ ತೆಗೆದು ಪೂರ್ತಿ ಹಾಡನ್ನು ಒಮ್ಮೆ ರೆಂಡರ್ ಮಾಡುವುದು, ದನಿ ತೆಗೆದದ್ದನ್ನು ಇನ್ನೊಮ್ಮೆ. ಎರಡನ್ನೂ ಒಂದರ ಕೆಳಗೊಂದು ಇಟ್ಟು, ಒಂದರ ಪೊಲಾರಿಟಿ ತಿರುಗಿಸಿ ಒಟ್ಟಿಗೆ ನುಡಿಸುವುದು. ಎರಡರಲ್ಲೂ ಇರುವುದು ಕಳೆದುಹೋಗಿ, ನಾವು ಏನನ್ನು ತೆಗೆದಿದ್ದೇವೋ ಅದಷ್ಟೇ ಕೇಳುತ್ತದೆ. ಅಂದರೆ ಬರೀ ದನಿ ಕೇಳಬೇಕು.

ದನಿ ಕೇಳಿತು. ಜೊತೆಗೆ ಮೊದಲ ಚರಣದ ಮುಂಚೆ ಹಾರ್ಮೋನಿಯಮ್ಮಿನ ಒಂದು ಸಣ್ಣ ತುಣುಕೂ ಕೇಳಿತು! ಟೀಚರು ಆಲಾಪ ಎತ್ತುವಾಗ ತಾವೇ ಹಾರ್ಮೋನಿಯಂ ಒತ್ತಿದ್ದರು, ಅದು ಅವರ ಫೋಲ್ಡರಿನಲ್ಲೇ ಉಳಿದಿತ್ತು. ನಾನು ದನಿಯ ಜೊತೆ ಅದನ್ನೂ ಹೊರಗೆ ಹಾಕಿದ್ದೆ. ಪರೀಕ್ಷೆ ಮಾಡದಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ಹೆಚ್ಚಾಗಿ ಉಳಿದದ್ದನ್ನು ಕಿವಿ ಹೇಗೋ ಹುಡುಕುತ್ತದೆ, ಇಲ್ಲದೇ ಹೋದದ್ದನ್ನು ಹುಡುಕುವುದಿಲ್ಲ. ರಿವರ್ಬಿನಲ್ಲಿ ಅಲುಗಾಟ ಇರುವ ಬಗೆಯದಿದ್ದರೆ ಅದು ಪ್ರತಿ ಸಲವೂ ಸ್ವಲ್ಪ ಬೇರೆಯಾಗಿ ಬರುತ್ತದೆ, ಆಗ ಹಿಂದೆ ಸಣ್ಣದೊಂದು ಮಬ್ಬು ಸದ್ದು ಉಳಿಯುತ್ತದೆ. ಅದಕ್ಕೆ ಹೆದರಬೇಕಿಲ್ಲ.

ಎರಡನೇ ಸಂಜೆ ಕೂತು ಕೇಳಿದಾಗ ದನಿ ಇರಲಿಲ್ಲ ನಿಜ, ಆದರೆ ಉಳಿದದ್ದು ಹಾಡಾಗಿಯೂ ಇರಲಿಲ್ಲ. ಚರಣದಲ್ಲಿ ಎಲ್ಲ ವಾದ್ಯಗಳೂ ಕಂಬಳಿ ಹೊದ್ದುಕೊಂಡ ಹಾಗೆ ಮಂಕು. ಕೊಳಲು ಎರಡು ಸೆಕೆಂಡು ನುಡಿದು ಐದು ಸೆಕೆಂಡು ಸುಮ್ಮನಾಗುತ್ತದೆ. ಯಾರೂ ಏನೂ ಕೇಳದೆ ಇದ್ದರೂ ಆಗಾಗ "ಹೌದು ಹೌದು" ಎಂದು ತಲೆಯಾಡಿಸುವ ಮನುಷ್ಯನ ಹಾಗೆ.

ಯಾಕೆ ಹೀಗೆ ಎಂದು ಯೋಚಿಸಿದರೆ, ಮಿಕ್ಸ್ ಮಾಡುವಾಗ ನಾನು ಮಾಡಿದ ಪ್ರತಿಯೊಂದು ಕೆಲಸವೂ ದನಿಗೆ ಜಾಗ ಬಿಡುವುದಕ್ಕೇ ಆಗಿತ್ತು. ಗಿಟಾರಿಗೂ ಹಾರ್ಮೋನಿಯಮ್ಮಿಗೂ ಎರಡೂವರೆ ಸಾವಿರ ಹರ್ಟ್ಸ್ ಆಸುಪಾಸಿನಲ್ಲಿ ಮೂರು ಡೆಸಿಬಲ್ ತಗ್ಗಿಸಿದ್ದೆ. ಮಾತಿನ ಸ್ಪಷ್ಟತೆ ಇರುವುದು ಆ ಸುತ್ತಿನಲ್ಲೇ, ವಾದ್ಯಗಳು ಅಲ್ಲಿ ಗದ್ದಲ ಮಾಡಿದರೆ ಸಾಹಿತ್ಯ ಕೇಳುವುದಿಲ್ಲ. ಚರಣ ಶುರುವಾದಾಗ ಎಲ್ಲ ವಾದ್ಯಗಳೂ ಒಂದೂವರೆ ಡೆಸಿಬಲ್ ಕೆಳಗಿಳಿಯುವಂತೆ ಆಟೊಮೇಶನ್ ಬರೆದಿದ್ದೆ. ಕೊಳಲಿನವರಿಗೆ ಟೀಚರು ಉಸಿರು ತೆಗೆದುಕೊಳ್ಳುವ ಕಡೆಯಷ್ಟೇ ನುಡಿಸಿ ಎಂದು ಹೇಳಿದ್ದೂ ನಾನೇ. ಈಗ ಮದುಮಗಳು ಎದ್ದುಹೋದ ಮೇಲೂ ಎಲ್ಲರೂ ಆ ಖಾಲಿ ಕುರ್ಚಿಯ ಸುತ್ತಲೇ ಫೋಟೊಗೆ ನಿಂತಿದ್ದಾರೆ.

ಮಂಕುತನಕ್ಕೆ ಮದ್ದು ಸುಲಭ. ತಗ್ಗಿಸಿದ ಮೂರು ಡೆಸಿಬಲ್‌ನಲ್ಲಿ ಒಂದೂವರೆಯಷ್ಟು ಮಾತ್ರ ವಾಪಸ್ ಕೊಟ್ಟೆ. ಪೂರ್ತಿ ಕೊಟ್ಟಾಗ ಹಾರ್ಮೋನಿಯಂ ಕಿವಿ ಚುಚ್ಚತೊಡಗಿತ್ತು. ಚರಣದ ಆಟೊಮೇಶನ್ ಅಳಿಸಿದೆ. ಖಾಲಿ ಕುರ್ಚಿಗೆ ಮಾತ್ರ ಸುಲಭದ ಮದ್ದಿಲ್ಲ. ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಕೊಳಲಿನವರನ್ನು ಕರೆಸಿ ಟೀಚರು ಹಾಡಿದ್ದನ್ನೆಲ್ಲ ಸಾಲು ಸಾಲಾಗಿ ನುಡಿಸಿದೆ. ಚೆನ್ನಾಗಿಯೇ ನುಡಿಸಿದರು. ಕಳಿಸಿದೆ. ಎಡಿಟರು ಕೇಳಿ, "ಬ್ಯಾಸರ ಮಾಡ್ಕೋಬ್ಯಾಡ್ರಿ ಸರ, ಮದುವಿ ಮಂಟಪದಾಗ ಊಟದ ಹೊತ್ತಿಗೆ ಕೇಳಿಸ್ತದಲ್ರೀ, ಹಂಗ ಆತು" ಅಂದರು.

ಸಿಟ್ಟು ಬಂತು, ಆದರೆ ಮಾತು ಸರಿಯಾಗಿತ್ತು. ಹಾಡಿನ ಧಾಟಿಯಲ್ಲಿ ಒಂದೇ ಸ್ವರದ ಮೇಲೆ ನಾಲ್ಕು ಅಕ್ಷರ ಬರುವ ಜಾಗಗಳಿರುತ್ತವೆ. ಅಕ್ಷರಗಳಿದ್ದಾಗ ಅದು ಮಾತು. ಅಕ್ಷರ ಹೋದಾಗ ಕೊಳಲು ಒಂದೇ ಸ್ವರವನ್ನು ನಾಲ್ಕು ಸಲ ಕುಟ್ಟುತ್ತದೆ. ಅದಲ್ಲದೆ ವಿಡಿಯೊದಲ್ಲಿ ಯಾರೋ ಮಾತಾಡುವವರಿದ್ದಾರೆ. ಅವರ ಮಾತಿನ ಕೆಳಗೆ ಇನ್ನೊಂದು ರಾಗ ನಿಲ್ಲದೆ ಹಾಡುತ್ತಿದ್ದರೆ ನೋಡುವವರ ಕಿವಿ ಎರಡು ಕಡೆ ಎಳೆಯುತ್ತದೆ. ಹಾಗಾಗಿ ಪಲ್ಲವಿಯಲ್ಲಿ ಮಾತ್ರ ಕೊಳಲಿನ ಧಾಟಿ ಉಳಿಸಿದೆ. ಚರಣಗಳನ್ನು ಖಾಲಿಯೇ ಬಿಟ್ಟೆ, ಆದರೆ ಉದ್ದ ಅರ್ಧ ಮಾಡಿದೆ. ಹದಿನಾರು ಆವರ್ತನ, ಅಂದರೆ ತಾಳದ ಹದಿನಾರು ಸುತ್ತು, ಖಾಲಿ ಕೇಳುವುದು ಕಷ್ಟ, ಎಂಟು ಕೇಳಬಹುದು. ಕೊಳಲಿನ "ಹೌದು ಹೌದು"ಗಳಲ್ಲಿ ಮೂರರಲ್ಲಿ ಎರಡನ್ನು ತೆಗೆದುಹಾಕಿದೆ. ಪೂರ್ತಿ ವಾದ್ಯರೂಪ ಅಲ್ಲಿಗೆ ಮುಗಿಯಿತು.

ಇನ್ನು ಮೂವತ್ತು ಸೆಕೆಂಡು. ನನಗೆ ಹೆಚ್ಚು ಪಾಠ ಕಲಿಸಿದ್ದು ಇದೇ.

ಹೊಸಬರು ಇಲ್ಲಿ ಮಾಡುವುದು ಒಂದೇ: ಹಾಡಿನ ಚೆಂದದ ಜಾಗದಿಂದ ಮೂವತ್ತು ಸೆಕೆಂಡು ಕತ್ತರಿಸಿ ಕೊನೆಯಲ್ಲಿ ಮೆಲ್ಲಗೆ ಸದ್ದು ಇಳಿಸುವುದು. ಹಾಗೆ ಮಾಡಿದರೆ ಚಿತ್ರ ಮುಗಿಯುತ್ತದೆ, ಸಂಗೀತ ಮುಗಿಯುವುದಿಲ್ಲ, ಯಾರೋ ಬಾಗಿಲು ಹಾಕಿಕೊಂಡ ಹಾಗಿರುತ್ತದೆ. ಮೂವತ್ತು ಸೆಕೆಂಡಿಗೂ ಅದರದೇ ಆದ ಮುಕ್ತಾಯ ಬೇಕು. ಅದಕ್ಕೆ ಲೆಕ್ಕವನ್ನು ಹಿಂದಿನಿಂದ ಹಾಕಬೇಕು.

ನನ್ನ ಹಾಡು ನಿಮಿಷಕ್ಕೆ ತೊಂಬತ್ತು ಬೀಟು. ತಬಲಾದಲ್ಲಿ ಕೆಹರವಾ, ನಾಲ್ಕು ಬೀಟಿಗೆ ಎಂಟು ಮಾತ್ರೆಯ ಒಂದು ಆವರ್ತನ. ಹಾಗಾದರೆ ಒಂದು ಆವರ್ತನಕ್ಕೆ 2.67 ಸೆಕೆಂಡು. ಹತ್ತು ಆವರ್ತನಕ್ಕೆ 26.67. ಹನ್ನೊಂದನೆಯದರ ಸಮದ, ಅಂದರೆ ಮೊದಲ ಮಾತ್ರೆಯ ಮೇಲೆ ಎಲ್ಲ ವಾದ್ಯಗಳೂ ಒಂದೇ ಪೆಟ್ಟು ಹೊಡೆದು ನಿಂತರೆ, ಅದರ ಗುಂಗು ಆರಲು 3.33 ಸೆಕೆಂಡು ಉಳಿಯುತ್ತದೆ. ಗುಂಗಿಗೆ ಅಷ್ಟು ಸಾಕು, ಹೆಚ್ಚೂ ಅಲ್ಲ. ಹೀಗಾಗಿ ನನ್ನ ಕೈಲಿರುವುದು ಹತ್ತು ಆವರ್ತನ. ಹಾಡಿನಲ್ಲಿರುವುದು ತೊಂಬತ್ತಾರು.

ಎಡಿಟರು ಒಂದು ಚೀಟಿ ಕಳಿಸಿದ್ದರು. ಮೊದಲ ಆರು ಸೆಕೆಂಡು ಮಗ್ಗದ ಚಿತ್ರ, ಮಗ್ಗದ ಸದ್ದು ಇರುತ್ತದೆ. ಆರರಿಂದ ಇಪ್ಪತ್ತರವರೆಗೆ ನೇಯುವ ಅಮ್ಮ ಮಾತಾಡುತ್ತಾರೆ. ಇಪ್ಪತ್ತರ ಮೇಲೆ ಸೀರೆಯ ಸೆರಗು ಬಿಚ್ಚಿಕೊಳ್ಳುತ್ತದೆ, ಕೊನೆಗೆ ಹೆಸರು.

ಮೊದಲ ಸಲ ಚೀಟಿಯ ಪ್ರಕಾರವೇ ಅಳೆದು ಹೊಲಿದೆ. ಮೂರು ಆವರ್ತನ ಆರಂಭ, ಐದು ಆವರ್ತನ ಮಾತಿಗೆ, ಎರಡು ಮುಕ್ತಾಯಕ್ಕೆ. ಸೆಕೆಂಡುಗಳು ಸರಿಹೊಂದಿದವು. ಕೇಳಿದರೆ ಕುಂಟುತ್ತಿತ್ತು. ತಾಳ ತಪ್ಪಿಲ್ಲ, ಸ್ವರ ತಪ್ಪಿಲ್ಲ, ಆದರೂ ಯಾವುದೋ ಮೆಟ್ಟಿಲು ಜಾಸ್ತಿ ಇಳಿದ ಹಾಗೆ. ಸ್ವಲ್ಪ ಹೊತ್ತು ತಲೆ ಕೆರೆದುಕೊಂಡ ಮೇಲೆ ಹೊಳೆಯಿತು. ಗಿಟಾರಿನ ಕಾರ್ಡುಗಳು ನಾಲ್ಕು ಆವರ್ತನಕ್ಕೊಮ್ಮೆ ಸುತ್ತು ಮುಗಿಸಿ ಷಡ್ಜಕ್ಕೆ ಮರಳುತ್ತವೆ. ನಾನು ಐದನೆಯದರಲ್ಲಿ ಹೊಸ ಸುತ್ತು ಶುರುಮಾಡಿ ಅರ್ಧಕ್ಕೇ ಬೇರೆ ಕಡೆ ಹಾರಿದ್ದೆ. ಕೇಳುವವರಿಗೆ ಕಾರ್ಡು ಅಂದರೇನು ಗೊತ್ತಿರಬೇಕಿಲ್ಲ, ನಾಲ್ಕರ ಸುತ್ತು ಮೈಗೆ ಗೊತ್ತಿರುತ್ತದೆ.

ಅದಕ್ಕೇ ಎರಡು, ನಾಲ್ಕು, ನಾಲ್ಕು ಮಾಡಿದೆ. ಮೊದಲ ಎರಡು ಆವರ್ತನ ಹಾಡಿನ ಆರಂಭದ ಕೊಳಲಿನ ಎಳೆ, ಅದು ಪಂಚಮದಲ್ಲಿ ನಿಲ್ಲುತ್ತದೆ. ಪಂಚಮದಿಂದ ಷಡ್ಜಕ್ಕೆ ಬರುವುದನ್ನು ಕಿವಿ ಕಾಯುತ್ತಿರುತ್ತದೆ, ಹಾಗಾಗಿ ಅಲ್ಲಿಂದ ನೇರವಾಗಿ ಚರಣದ ಷಡ್ಜದ ಕಾರ್ಡಿಗೆ ಹಾರಿದರೆ ನಡುವೆ ಒಂದು ನಿಮಿಷದ ಹಾಡು ಕಾಣೆಯಾದದ್ದು ಯಾರಿಗೂ ತಿಳಿಯುವುದಿಲ್ಲ. ಮುಂದಿನ ನಾಲ್ಕು ಚರಣದ್ದು. ಕೊನೆಯ ನಾಲ್ಕು ಹಾಡಿನ ಅಂತ್ಯದ್ದು, ಕೊಳಲು ಪಲ್ಲವಿ ಎತ್ತಿ ಮುಗಿಸುವ ಜಾಗ. ಆದರೆ ಆ ಅಂತ್ಯ 16ನೇ ಸೆಕೆಂಡಿಗೇ ಶುರುವಾಗುತ್ತದೆ, ಅಮ್ಮನ ಮಾತು ಇಪ್ಪತ್ತರವರೆಗಿದೆ. ಅವರ ಮಾತಿನ ಮೇಲೆ ಕೊಳಲು ಬರಬಾರದು. ಅದಕ್ಕೆ ಏಳು, ಎಂಟನೇ ಆವರ್ತನಗಳಲ್ಲಿ ಕೊಳಲನ್ನು ಮಾತ್ರ ಮುಚ್ಚಿದೆ. ಅದು ಒಂಬತ್ತನೆಯದಕ್ಕೆ, 21.33ಕ್ಕೆ ಬರುತ್ತದೆ, ಸೆರಗು ಬಿಚ್ಚುವಾಗ. ಹಾಡಿನ ಬೇರೆ ಬೇರೆ ಟ್ರ್ಯಾಕುಗಳು ಕೈಲಿದ್ದುದರಿಂದ ಇದು ಸಾಧ್ಯವಾಯಿತು. ಮಾಸ್ಟರ್ ಫೈಲನ್ನಷ್ಟೇ ಕತ್ತರಿಸಿದ್ದರೆ ಆಗುತ್ತಿರಲಿಲ್ಲ.

ಮೂರರಿಂದ ಎಂಟರವರೆಗೆ ಇನ್ನೊಂದು ಕೆಲಸ ಮಾಡಿದೆ, ಅಥವಾ ಮಾಡದೇ ಬಿಟ್ಟೆ. ಪೂರ್ತಿ ವಾದ್ಯರೂಪದಲ್ಲಿ ಮಂಕು ಎಂದು ಅರ್ಧ ತುಂಬಿದ್ದ ಆ ಮೂರು ಡೆಸಿಬಲ್ ತಗ್ಗನ್ನು ಇಲ್ಲಿ ಹಾಗೇ ಉಳಿಸಿದೆ. ಟೀಚರಿಗಾಗಿ ತೋಡಿದ ಜಾಗ, ಈಗ ಅಲ್ಲಿ ಇಳಕಲ್ಲಿನ ಅಮ್ಮ ಕೂತು ಮಾತಾಡುತ್ತಾರೆ. ಎಡಿಟರು ಸಂಗೀತವನ್ನು ಅಷ್ಟೊಂದು ತಗ್ಗಿಸದೆಯೇ ಅವರ ಮಾತು ಕೇಳಿತು.

ಈಗ ತಬಲಾದ ಕಥೆ. ಹಾಡಿನ ಕೊನೆಯ ನಾಲ್ಕು ಆವರ್ತನದಲ್ಲಿ ತಬಲಾ ಮಾಸ್ತರರು ಉದ್ದನೆಯ ತಿಹಾಯಿ ಹಾಕಿದ್ದರು. ಹನ್ನೊಂದು ಮಾತ್ರೆಯ ತುಣುಕು ಮೂರು ಸಲ, ಒಟ್ಟು ಮೂವತ್ತಮೂರು, ಕೊನೆಯ ಧಾ ಸರಿಯಾಗಿ ಸಮದ ಮೇಲೆ. ಹಾಡಿನಲ್ಲಿ ಅದು ಅದ್ಭುತ. ಇಲ್ಲಿ ಅದು ಅಮ್ಮನ ಮಾತಿನ ನಡುವೆಯೇ ಶುರುವಾಗಿ ಗಡಬಡ ಎಬ್ಬಿಸುತ್ತಿತ್ತು. ತಿಹಾಯಿಯನ್ನು ಅರ್ಧಕ್ಕೆ ಕತ್ತರಿಸಿದರೆ ತಿಹಾಯಿಯೇ ಅಲ್ಲ, ಮೂರು ಸಲ ಬರಲೇಬೇಕು.

ಮಾಸ್ತರರಿಗೆ ಫೋನ್ ಮಾಡಿದೆ. "ಎಷ್ಟು ಜಾಗಾ ಅದ?" ಅಂದರು.

"ಒಂದೇ ಆವರ್ತನ ರೀ."

"ಎಂಟು ಮಾತ್ರಿ. ಸಮ ಹಿಡದ್ರ ಒಂಬತ್ತು. ಮೂರು ಮೂರಲೆ ಒಂಬತ್ತು, ಅದಕ್ಯಾಕ ಇಷ್ಟು ತಲಿ ಕೆಡಿಸ್ಕೊಂಡಿ?" ಎಂದು ಫೋನಿನಲ್ಲೇ ಬಾಯಿಂದ ಹೇಳಿ ತೋರಿಸಿದರು: ತಿ ಟ ಧಾ, ತಿ ಟ ಧಾ, ತಿ ಟ ಧಾ. ಮೂರನೆಯ ಧಾ ಬಂದು ಸಮಕ್ಕೆ ಕೂತಿತು. ಮರುದಿನ ಸಂಜೆ ಬಂದು ನುಡಿಸಿಯೂ ಕೊಟ್ಟರು. ಹೋದ ವರ್ಷದ ರೆಕಾರ್ಡಿಂಗಿಗೆ ಹೊಸ ತಬಲಾ ಅಂಟಿಸುವಾಗ ಶ್ರುತಿ ನೋಡಲೇಬೇಕು. ಟೀಚರ ಶ್ರುತಿ ಕಪ್ಪು ನಾಲ್ಕು. ಮಾಸ್ತರರು ಪಕ್ಕದ ಮನೆಯ ಬೆಕ್ಕಿಗೂ ತೊಂದರೆ ಕೊಡದಂತೆ ಸಣ್ಣಗೆ ಸುತ್ತಿಗೆ ತಟ್ಟುತ್ತಾ ಹಳೆಯ ಟ್ರ್ಯಾಕಿಗೆ ಹೊಂದಿಸಿದರು. ಮೈಕನ್ನು ಅದೇ ಮೂಲೆಯಲ್ಲಿ, ಅದೇ ಎತ್ತರಕ್ಕೆ ಇಟ್ಟೆ. ಹತ್ತನೇ ಆವರ್ತನಕ್ಕೆ, ಅಂದರೆ 24ನೇ ಸೆಕೆಂಡಿಗೆ ಅದನ್ನು ಇಟ್ಟು, ಏಳರಿಂದ ಒಂಬತ್ತರವರೆಗೆ ಬೇರೆ ಕಡೆಯಿಂದ ಸಾದಾ ಠೇಕಾ ತಂದು ಹಾಕಿದೆ.

ಮೊದಲ ಎರಡು ಆವರ್ತನದಲ್ಲಿ ತಬಲಾ ಬೇಡವೇ ಬೇಡ ಎಂದು ಗೊತ್ತಾಗಿದ್ದು ಮಗ್ಗದ ಸದ್ದನ್ನು ಜೊತೆಗಿಟ್ಟು ಕೇಳಿದಾಗ. ಕುಣಿಮಗ್ಗಕ್ಕೂ ಒಂದು ಲಯ ಇದೆ, ಖಟ್ ಖಟಾಖಟ್. ಆದರೆ ಅದು ನಿಮಿಷಕ್ಕೆ ತೊಂಬತ್ತು ಅಲ್ಲ, ಅಮ್ಮನ ಕೈ ಕಾಲು ಹೇಳಿದಷ್ಟು. ಎರಡು ಲಯ ಒಟ್ಟಿಗೆ ಬಂದರೆ ತಬಲಾದವರಿಗೇ ತಾಳ ಬರುವುದಿಲ್ಲ ಎನ್ನುವಂತೆ ಕೇಳುತ್ತದೆ. ತಬಲಾ ತೆಗೆದ ಮೇಲೆ ಮಗ್ಗವೇ ತಬಲಾ ಆಯಿತು.

ಕತ್ತರಿಸುವುದನ್ನು ಎಲ್ಲ ಟ್ರ್ಯಾಕಿನಲ್ಲೂ ಒಂದೇ ಗೆರೆಗೆ ಮಾಡಿದ್ದೆ, `S` ಒತ್ತಿದರೆ ಆಯ್ದ ತುಣುಕುಗಳೆಲ್ಲ ಕರ್ಸರ್ ಇದ್ದಲ್ಲಿ ಎರಡಾಗುತ್ತವೆ. ತಬಲಾಕ್ಕೆ ಅದು ಸರಿ, ಪೆಟ್ಟು ಗೆರೆಯ ಮೇಲೇ ಇರುತ್ತದೆ. ಅದಕ್ಕೂ ಹತ್ತು ಮಿಲಿಸೆಕೆಂಡು ಮುಂಚೆ ಕತ್ತರಿಸಿ ಅಷ್ಟೇ ಉದ್ದದ ಕ್ರಾಸ್‌ಫೇಡ್ ಕೊಟ್ಟರೆ ಪೆಟ್ಟಿನ ಮೂತಿ ಹಾರುವುದಿಲ್ಲ, ಟಿಕ್ ಎಂಬ ಸದ್ದೂ ಬರುವುದಿಲ್ಲ. ಕೊಳಲಿಗೆ ಆ ಗೆರೆ ಸಲ್ಲದು. ಒಂಬತ್ತನೆಯ ಆವರ್ತನದ ಕೊಳಲು ನಿಜವಾಗಿ ಎಂಟನೆಯದರ ಕೊನೆಯ ಮಾತ್ರೆಯಲ್ಲೇ ನಿಷಾದದಿಂದ ಮೀಂಡ್ ಎಳೆದುಕೊಂಡು ಷಡ್ಜಕ್ಕೆ ಬರುತ್ತದೆ. ಗೆರೆಗೆ ಕತ್ತರಿಸಿದಾಗ ಷಡ್ಜ ಮಾತ್ರ ಉಳಿದು ಕೊಳಲು ಹಲಗೆಗೆ ಮೊಳೆ ಹೊಡೆದಂತಾಗಿತ್ತು. ಮೀಂಡು, ಅದರ ಹಿಂದಿನ ಉಸಿರು ಸೇರುವಷ್ಟು ಹಿಂದಕ್ಕೆ ಎಳೆದೆ. ಹಾಗೆ ಪ್ರತಿ ಟ್ರ್ಯಾಕನ್ನೂ ಅದರದೇ ಜಾಗದಲ್ಲಿ ಕತ್ತರಿಸಿದ ಮೇಲೆ ಬೆಸುಗೆ ಎಲ್ಲಿದೆ ಎಂದು ನನಗೇ ಹುಡುಕಬೇಕಾಯಿತು.

ತಂಬೂರಿ ಮಾತ್ರ ಯಾವ ಗೆರೆಗೂ ಬಗ್ಗಲಿಲ್ಲ. ಅದರ ನಾಲ್ಕು ತಂತಿಗಳ ಸುತ್ತು ಹಾಡಿನ ತಾಳಕ್ಕೆ ಕಟ್ಟುಬಿದ್ದದ್ದಲ್ಲ. ಎಲ್ಲಿ ಕತ್ತರಿಸಿದರೂ ಪಂಚಮ ಮೀಟಿದ ಕೂಡಲೇ ಮತ್ತೆ ಪಂಚಮ, ಇಲ್ಲವೇ ಖರ್ಜದ ಗುಂಗಿನ ನಡುವೆ ಧಡಕ್ಕನೆ ಜೋಡಿ ತಂತಿ. ಅದನ್ನು ಕತ್ತರಿಸುವುದನ್ನೇ ಬಿಟ್ಟು, ಹಾಡಿನ ಶುರುವಿನಿಂದ ಮೂವತ್ತು ಸೆಕೆಂಡಿನ ಅಖಂಡ ತಂಬೂರಿಯನ್ನು ಎಲ್ಲದರ ಕೆಳಗೆ ಹಾಸಿದೆ. ಮೇಲೆ ಎಷ್ಟು ತೇಪೆ ಇದ್ದರೂ ಕೆಳಗಿನ ಬಟ್ಟೆ ಒಂದೇ ಆಗಿದ್ದರೆ ಕಣ್ಣಿಗೆ ಬೀಳುವುದಿಲ್ಲ. ಕತ್ತರಿಸಿದ್ದೆಲ್ಲ ರಿವರ್ಬಿಗೆ ಮೊದಲೇ ಆದ್ದರಿಂದ ಒಂದು ತುಣುಕಿನ ಗುಂಗು ಇನ್ನೊಂದರ ಮೇಲೆ ತಾನಾಗಿ ಹರಿಯಿತು, ಅದೂ ಬೆಸುಗೆ ಮುಚ್ಚಿತು.

ಕೊನೆಗೆ ಸದ್ದಿನ ಮಟ್ಟ. ಎಲ್‌ಯುಎಫ್‌ಎಸ್ ಎಂಬ ಜೋರಿನ ಅಳತೆಯಲ್ಲಿ ಹಾಡು ಹೊರಗೆ ಹೋದದ್ದು -11 ಮಟ್ಟಕ್ಕೆ. ಅದೇ ಲಿಮಿಟರಿನಲ್ಲಿ ವಾದ್ಯರೂಪ ಹಾಕಿದರೆ -13 ಬಂತು. ಲಿಮಿಟರನ್ನು ಒತ್ತುತ್ತಿದ್ದದ್ದು ದನಿಯೇ, ಅದು ಹೋದ ಮೇಲೆ ಅದಕ್ಕೆ ಕೆಲಸವೇ ಇಲ್ಲ. ಮೊದಲಿನಷ್ಟೇ ಜೋರು ಮಾಡಲು ಕೈ ತುರಿಸಿತು. ಮಾಡಿ ನೋಡಿದೆ, ತಬಲಾದ ಚಾಟಿ ಚಪ್ಪಟೆಯಾಯಿತು. ಹೇಗಿದ್ದರೂ ಎಡಿಟರು ಮಾತಿನ ಕೆಳಗೆ ಅದನ್ನು ಇಳಿಸುವವರೇ. ಹಾಗಾಗಿ ಇನ್ನೂ ಸ್ವಲ್ಪ ಇಳಿಸಿ -14ಕ್ಕೆ ಬಿಟ್ಟು, ಪೀಕ್ -1 ಡೆಸಿಬಲ್ ದಾಟದಂತೆ ನೋಡಿಕೊಂಡೆ. ಹಾಡು ಇದ್ದದ್ದು 44.1 ಕಿಲೊಹರ್ಟ್ಸ್‌ನಲ್ಲಿ. ವಿಡಿಯೊದವರ ಟೈಮ್‌ಲೈನು 48ರದ್ದು, ಅದಕ್ಕೆ 48 ಕಿಲೊಹರ್ಟ್ಸ್, 24 ಬಿಟ್ ವೇವ್ ಫೈಲ್ ಮಾಡಿದೆ.

ಮೂವತ್ತು ಸೆಕೆಂಡಿನ ಫೈಲ್ ಕಳಿಸಿದ ಹತ್ತೇ ನಿಮಿಷಕ್ಕೆ ಫೋನು. "ಸರ, ಮೂವತ್ತೊಂದು ಸೆಕೆಂಡ್ ಅದರೀ." ನೂರು ಸಲ ಲೆಕ್ಕ ಹಾಕಿದವನಿಗೆ ಹೀಗಂದರೆ! ತೆರೆದು ನೋಡಿದೆ, ನಿಜ. ರೆಂಡರ್ ಕಿಟಕಿಯಲ್ಲಿ `Tail` ಎಂಬುದಕ್ಕೆ ಟಿಕ್ ಉಳಿದಿತ್ತು. ರಿವರ್ಬಿನ ಬಾಲ ತುಂಡಾಗದಿರಲಿ ಎಂದು ಅದು ಒಂದು ಸೆಕೆಂಡು ಸೇರಿಸುತ್ತದೆ. ಟಿಕ್ ತೆಗೆದೆ. ಈಗ ಮೂವತ್ತಕ್ಕೆ ಸರಿಯಾಗಿ ಗುಂಗು ಕಡಿದು ಚಕ್ ಎಂದಿತು. 27.5ರಿಂದ ಶುರುಮಾಡಿ 29.8ಕ್ಕೆ ಪೂರ್ತಿ ಆರುವಂತೆ ಮಾಸ್ಟರಿನಲ್ಲೇ ಫೇಡ್ ಬರೆದು ಮತ್ತೆ ಕಳಿಸಿದೆ.

ನಡುವೆ ಕವಿಮಿತ್ರರಿಗೂ ಟೀಚರಿಗೂ ಹೇಳಿ ಒಪ್ಪಿಗೆ ಪಡೆದಿದ್ದೆ. ಕವಿಗಳು, "ನನ್ನ ಒಂದು ಅಕ್ಷರನೂ ಇಲ್ಲಲ್ಲೋ, ನನಗ್ಯಾಕ ಕೇಳ್ತಿ?" ಎಂದು ನಕ್ಕರು. ನಿಜ, ರಾಗ ನನ್ನದು, ಸಾಹಿತ್ಯ ಇಲ್ಲಿ ಬಂದಿಲ್ಲ. ಆದರೂ ಕೇಳುವುದು ವಾಡಿಕೆ. ಹಾಡನ್ನು ಹಂಚಿದ ಕಂಪನಿಗೂ ಒಂದು ಮೇಲ್ ಹಾಕಿ ಎಡಿಟರ ಚಾನೆಲ್ಲಿನ ಹೆಸರು ಕೊಟ್ಟೆ. ಇಲ್ಲದಿದ್ದರೆ ನನ್ನದೇ ಹಾಡಿನ ಮೇಲೆ ನನ್ನ ಪರವಾಗಿ ಯಂತ್ರವೇ ಅವರ ವಿಡಿಯೊಗೆ ಕ್ಲೇಮ್ ಹಾಕಿಬಿಡುತ್ತದೆ.

ಎಲ್ಲ ಮುಗಿಯಿತು ಎಂದುಕೊಂಡಿದ್ದೆ. ನಿನ್ನೆ ಮತ್ತೆ ಫೋನು: "ಸರ, ಹದಿನೈದು ಸೆಕೆಂಡಿಂದೂ ಒಂದ್ ಆದ್ರ..." ಐದು ಆವರ್ತನ ಹಾಕಿದರೆ 13.33, ಗುಂಗಿಗೆ ಉಳಿಯುವುದು 1.67, ತಂಬೂರಿ ಆರುವಷ್ಟರಲ್ಲಿ ಚಿತ್ರ ಮುಗಿದಿರುತ್ತದೆ. ನಾಲ್ಕೇ ಹಾಕಿದರೆ 10.67, ಗುಂಗು ನಾಲ್ಕು ಸೆಕೆಂಡಿಗಿಂತ ಉದ್ದವಾದೀತು, ಆದರೆ ಕಾರ್ಡಿನ ಸುತ್ತು ಪೂರ್ತಿಯಾಗುತ್ತದೆ. ನಾಲ್ಕೇ ಇಟ್ಟೆ. ಮೂರು ಆವರ್ತನ ಕೊಳಲು, ನಾಲ್ಕನೆಯದಕ್ಕೆ ಮಾಸ್ತರರ ತಿ ಟ ಧಾ.

ಉಳಿದ ಗುಂಗಿನ ಮೇಲೆ ಮಗ್ಗದ ಖಟ್ ಖಟ್ ಬಿಡಿ ಎಂದು ಎಡಿಟರಿಗೆ ಹೇಳಿದ್ದೇನೆ.